ಜಾಗವಿದ್ದರೂ ಹಿಡಿಸದ ಫೈಲ್

ಮದುವೆ ಮುಗಿದು ತಿಂಗಳಾದ ಮೇಲೆ ಸ್ಟುಡಿಯೊದವರು ಫೋನ್ ಮಾಡುತ್ತಾರೆ: ವಿಡಿಯೊ ರೆಡಿ ಇದೆ, ಒಂದು ಪೆನ್ ಡ್ರೈವ್ ತನ್ನಿ. ಮನೆಯವರು ಅಂಗಡಿಯಿಂದ 32 ಜಿಬಿಯ ಹೊಸ ಪೆನ್ ಡ್ರೈವ್ ಕೊಂಡು ಹೋಗಿ ಕೊಡುತ್ತಾರೆ. ಒಂದೂವರೆ ಗಂಟೆಯ ವಿಡಿಯೊ, ವಿಂಡೋಸ್ ಲೆಕ್ಕದಲ್ಲಿ 6.3 ಜಿಬಿ. ಡ್ರೈವಿನಲ್ಲಿ ಖಾಲಿ ಇರುವುದು 29 ಜಿಬಿ. ಎಳೆದು ತಂದು ಹಾಕಿದರೆ ಕಾಪಿ ಶುರುವಾಗುವ ಮೊದಲೇ ಪರದೆಯ ಮೇಲೆ ಒಂದು ಸಾಲು ಬರುತ್ತದೆ: The file is too large for the destination file system. ಡ್ರೈವ್ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ವಾಪಸ್ ಒಯ್ದವರಿದ್ದಾರೆ, ಇನ್ನೂ ದೊಡ್ಡ ಡ್ರೈವ್ ಕೊಂಡವರೂ ಇದ್ದಾರೆ. ಆ ಸಾಲು ಹೇಳುತ್ತಿರುವುದು ಬೇರೆಯೇ. ಜಾಗಕ್ಕೇನೂ ಕೊರತೆಯಿಲ್ಲ. ಅಷ್ಟು ದೊಡ್ಡ ಒಂದೇ ಫೈಲನ್ನು ಲೆಕ್ಕಕ್ಕೆ ಬರೆದುಕೊಳ್ಳಲು ಆ ಡ್ರೈವಿನ ಫಾರ್ಮ್ಯಾಟಿಗೆ ಬರುವುದಿಲ್ಲ.

ಪೆನ್ ಡ್ರೈವಿನಲ್ಲಿ ಫೈಲ್‌ಗಳ ಜೊತೆಗೆ ಅವುಗಳ ಪಟ್ಟಿಯೂ ಇರುತ್ತದೆ. ಯಾವ ಫೈಲಿನ ಹೆಸರೇನು, ಅದು ಎಲ್ಲಿಂದ ಶುರುವಾಗುತ್ತದೆ, ಎಷ್ಟು ದೊಡ್ಡದು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಈ ಪಟ್ಟಿಯನ್ನು ಬರೆಯುವ ಪದ್ಧತಿಗೇ ಫೈಲ್ ಸಿಸ್ಟಮ್ ಎನ್ನುವುದು. 32 ಜಿಬಿ ಮತ್ತು ಅದಕ್ಕಿಂತ ಚಿಕ್ಕ ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ಪದ್ಧತಿಯಲ್ಲಿ ಬರುತ್ತವೆ. ಅದರಲ್ಲಿ ಫೈಲಿನ ಗಾತ್ರ ಬರೆಯಲು ಮೀಸಲಿಟ್ಟಿರುವುದು ನಾಲ್ಕೇ ಬೈಟ್, ಅಂದರೆ 32 ಬಿಟ್. ಅರ್ಜಿ ನಮೂನೆಯಲ್ಲಿ ಮೊತ್ತ ತುಂಬಲು ಆರು ಚೌಕ ಕೊಟ್ಟರೆ ಹತ್ತು ಲಕ್ಷ ಬರೆಯಲಾಗದು, ಇದೂ ಹಾಗೆಯೇ. 32 ಬಿಟ್‌ನಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,294,967,295. ನಾಲ್ಕು ಜಿಬಿಗೆ ಒಂದೇ ಒಂದು ಬೈಟ್ ಕಡಿಮೆ. ಫೈಲ್ ಸರಿಯಾಗಿ ನಾಲ್ಕು ಜಿಬಿ ಇದ್ದರೂ ಅದು ಹಿಡಿಸುವುದಿಲ್ಲ.

ಇದನ್ನು ಮಾಡಿದವರು ಮುಂದಾಲೋಚನೆ ಇಲ್ಲದವರೇ? ಹಾಗೆನ್ನುವುದು ಅನ್ಯಾಯ. ಫ್ಯಾಟ್32 ಬಂದದ್ದು 1996ರಲ್ಲಿ, ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯ ಜೊತೆ. ಅದಕ್ಕೆ ಮುಂಚಿನ ಫ್ಯಾಟ್16ನಲ್ಲಿ ಇಡೀ ಡಿಸ್ಕ್ ಭಾಗವೇ 2 ಜಿಬಿ ಮೀರುವಂತಿರಲಿಲ್ಲ, ಆ ಹೊತ್ತಿಗೆ ಹಾರ್ಡ್ ಡಿಸ್ಕ್‌ಗಳು ಆ ಗಡಿ ದಾಟಲು ಶುರುಮಾಡಿದ್ದವು. ಆ ತೊಂದರೆಯನ್ನು ಫ್ಯಾಟ್32 ನೀಗಿಸಿತು. ಆದರೆ ಫೈಲಿನ ಗಾತ್ರ ಬರೆಯುವ ನಾಲ್ಕು ಬೈಟನ್ನು ಮಾತ್ರ ಮುಟ್ಟದೆ ಹಾಗೆಯೇ ಬಿಟ್ಟಿತು. ಮನೆಯ ಕಂಪ್ಯೂಟರಿನ ಇಡೀ ಡಿಸ್ಕ್ ಒಂದೆರಡು ಜಿಬಿ ಇದ್ದ ಕಾಲದಲ್ಲಿ ಒಂದೇ ಫೈಲ್ ನಾಲ್ಕು ಜಿಬಿ ಆದೀತೆಂದು ಯಾರು ತಲೆಕೆಡಿಸಿಕೊಂಡಾರು?

ಈಗ ಆ ಗಡಿ ಎಷ್ಟು ಬೇಗ ಬರುತ್ತದೆ ನೋಡಿ. ಮದುವೆಯ ವಿಡಿಯೊವನ್ನು ಸೆಕೆಂಡಿಗೆ 10 ಮೆಗಾಬಿಟ್ ದರದಲ್ಲಿ ಸಿದ್ಧಪಡಿಸಿದ್ದರೆ 57 ನಿಮಿಷಕ್ಕೆ ನಾಲ್ಕು ಜಿಬಿ ಮುಗಿಯುತ್ತದೆ. ಕ್ಯಾಮೆರಾ ನೇರವಾಗಿ 50 ಮೆಗಾಬಿಟ್‌ನಲ್ಲಿ ಚಿತ್ರೀಕರಿಸುತ್ತಿದ್ದರೆ ಹನ್ನೊಂದೂವರೆ ನಿಮಿಷ ಸಾಕು. ಅದಕ್ಕೇ 32 ಜಿಬಿವರೆಗಿನ ಕಾರ್ಡ್ ಹಾಕಿದ ಅನೇಕ ಕ್ಯಾಮೆರಾಗಳು ನಾಲ್ಕು ಜಿಬಿ ತುಂಬುತ್ತಿದ್ದಂತೆ ಒಂದು ಫೈಲ್ ಮುಚ್ಚಿ ತಾವಾಗಿಯೇ ಇನ್ನೊಂದನ್ನು ತೆರೆಯುತ್ತವೆ. ಗೊತ್ತಿಲ್ಲದವರು ಮೊದಲ ಫೈಲನ್ನಷ್ಟೇ ಕಾಪಿ ಮಾಡಿಕೊಂಡು ಕಾರ್ಡ್ ಅಳಿಸಿಬಿಡುತ್ತಾರೆ. ಭಾಷಣ ಅರ್ಧಕ್ಕೇ ನಿಂತಿತೆಂದು ಕ್ಯಾಮೆರಾವನ್ನು ಬೈಯುವುದು ಆಮೇಲಿನ ಕಥೆ.

ಈ ಗಡಿ ತೊಡೆದುಹಾಕಲು ದಾರಿ ಎರಡು. ವಿಂಡೋಸ್‌ನಲ್ಲಿ ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ Properties ತೆರೆದರೆ File system ಎಂಬ ಸಾಲಿನಲ್ಲಿ ಈಗಿನ ಪದ್ಧತಿ ಕಾಣುತ್ತದೆ. ಅಲ್ಲಿ FAT32 ಇದ್ದ ಜಾಗದಲ್ಲಿ exFAT ಬರಬೇಕು, ಇಲ್ಲವೇ NTFS ಬರಬೇಕು. ಎರಡರಲ್ಲೂ ಗಾತ್ರ ಬರೆಯಲು 64 ಬಿಟ್ ಇರುವುದರಿಂದ ಮನೆಬಳಕೆಯ ಯಾವ ಫೈಲಿಗೂ ಮಿತಿ ಅಡ್ಡಬರುವುದಿಲ್ಲ. ಹಾಗಾಗಿ ಗಾತ್ರ ನೋಡಿ ಇವೆರಡರ ನಡುವೆ ಆರಿಸಲಾಗದು. ಕೇಳಬೇಕಾದ ಪ್ರಶ್ನೆ ಒಂದೇ: ಈ ಡ್ರೈವನ್ನು ಯಾವ ಯಾವುದಕ್ಕೆ ಚುಚ್ಚುತ್ತೀರಿ?

ಎನ್‌ಟಿಎಫ್ಎಸ್ ಇವೆರಡರಲ್ಲಿ ಹಿರಿಯದು. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಕಚೇರಿಯ ಕಂಪ್ಯೂಟರುಗಳಿಗೆಂದು ಬಂದದ್ದು. ಇವತ್ತಿಗೂ ವಿಂಡೋಸ್‌ನ ಸಿ ಡ್ರೈವ್ ನಡೆಯುವುದು ಸಾಮಾನ್ಯವಾಗಿ ಇದರ ಮೇಲೆಯೇ. ಯಾವ ಫೈಲನ್ನು ಯಾರು ತೆರೆಯಬಹುದು ಎಂಬ ಅನುಮತಿಗಳನ್ನು ಇದು ನೆನಪಿಡುತ್ತದೆ. ಪಟ್ಟಿಯಲ್ಲಿ ಏನನ್ನಾದರೂ ಬದಲಿಸುವ ಮುನ್ನ ಏನು ಬದಲಿಸುತ್ತಿದ್ದೇನೆಂದು ಬೇರೆ ಕಡೆ ಗುರುತು ಹಾಕಿಕೊಳ್ಳುತ್ತದೆ, ಮಧ್ಯೆ ಕರೆಂಟ್ ಹೋದರೆ ಆ ಗುರುತು ನೋಡಿ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತದೆ. ಉಳಿಯುವುದು ಪಟ್ಟಿ ಮಾತ್ರ. ಅರ್ಧ ಕಾಪಿಯಾದ ವಿಡಿಯೊ ಅರ್ಧವೇ.

ಎಕ್ಸ್‌ಫ್ಯಾಟ್ 2006ರದು. ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳನ್ನೇ ಕಣ್ಣಮುಂದಿಟ್ಟುಕೊಂಡು ಮೈಕ್ರೋಸಾಫ್ಟ್ ಮಾಡಿದ್ದು. ಅನುಮತಿಗಳ ಗೋಜಿಲ್ಲ, ಬದಲಾವಣೆ ಗುರುತು ಹಾಕಿಕೊಳ್ಳುವ ಕೆಲಸವೂ ಇಲ್ಲ. 32 ಜಿಬಿಗಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಕಾರ್ಡ್‌ಗಳ ಅಧಿಕೃತ ಫಾರ್ಮ್ಯಾಟ್ ಆಗಿ ಇದನ್ನೇ ಆರಿಸಿದ್ದರಿಂದ ಕ್ಯಾಮೆರಾಗಳಲ್ಲಿ ನೆಲೆಯೂರಿತು. ಮ್ಯಾಕ್ ಇದನ್ನು ಓದುತ್ತದೆ, ಬರೆಯುತ್ತದೆ. ಲಿನಕ್ಸ್ ಮಾತ್ರ ಬಹಳ ಕಾಲ ಹೊರಗಿತ್ತು, ಏಕೆಂದರೆ ಇದರ ಮೇಲೆ ಮೈಕ್ರೋಸಾಫ್ಟ್ ಪೇಟೆಂಟ್ ಇತ್ತು. 2019ರಲ್ಲಿ ಕಂಪನಿ ಇದರ ವಿವರಗಳನ್ನು ಬಹಿರಂಗಪಡಿಸಿತು. ಮರುವರ್ಷ ಸ್ಯಾಮ್ಸಂಗ್ ಬರೆದ ಡ್ರೈವರ್ ಲಿನಕ್ಸ್ ಕರ್ನಲ್ಲಿಗೆ ಸೇರಿತು.

ಮ್ಯಾಕ್ ಮುಂದೆ ಇಟ್ಟರೆ ಎರಡರ ವ್ಯತ್ಯಾಸ ಎದ್ದು ಕಾಣುತ್ತದೆ. ಎನ್‌ಟಿಎಫ್ಎಸ್ ಡ್ರೈವನ್ನು ಮ್ಯಾಕ್ ತೆರೆದು ತೋರಿಸುತ್ತದೆ, ಆದರೆ ಬೇರೆ ತಂತ್ರಾಂಶ ಹಾಕದ ಹೊರತು ಅದರ ಮೇಲೆ ಒಂದಕ್ಷರವನ್ನೂ ಬರೆಯಲು ಬಿಡುವುದಿಲ್ಲ. ತಮ್ಮ ಫೈಲನ್ನು ಮ್ಯಾಕ್‌ನಲ್ಲಿ ತಿದ್ದಿ ಅದೇ ಡ್ರೈವಿಗೆ ಉಳಿಸಲು ಹೋದವರಿಗೆ ಆಗಲೇ ಗೊತ್ತಾಗುವುದು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಿಗೆ ಎನ್‌ಟಿಎಫ್ಎಸ್ ಗುರುತೇ ಸಿಗುವುದಿಲ್ಲ. ಡ್ರೈವ್ ಫಾರ್ಮ್ಯಾಟ್ ಮಾಡಲೇ ಎಂದು ಫೋನ್ ಕೇಳಿದರೆ, ಒಳಗಿನ ಫೈಲ್‌ಗಳು ಬೇಕಿದ್ದವರು ಬೇಡ ಎನ್ನಬೇಕು. ಡ್ರೈವ್ ಊರೆಲ್ಲ ತಿರುಗುವುದಾದರೆ ಎಕ್ಸ್‌ಫ್ಯಾಟ್ ಲೇಸು. ವಿಂಡೋಸ್ ಕಂಪ್ಯೂಟರುಗಳ ನಡುವೆಯೇ ಓಡಾಡುವ, ಇಲ್ಲವೇ ಬ್ಯಾಕಪ್‌ಗೆಂದು ಒಂದೇ ಕಂಪ್ಯೂಟರಿಗೆ ಅಂಟಿಕೊಂಡಿರುವ ಡ್ರೈವಿಗೆ ಎನ್‌ಟಿಎಫ್ಎಸ್ ಸರಿ.

ಎಕ್ಸ್‌ಫ್ಯಾಟ್‌ಗೂ ಎರಡು ದೌರ್ಬಲ್ಯಗಳಿವೆ. ಒಂದು, ಕಿತ್ತುಕೊಳ್ಳುವ ಚಾಳಿಯನ್ನು ಅದು ಸಹಿಸುವುದಿಲ್ಲ. ಫ್ಯಾಟ್32 ತನ್ನ ಮುಖ್ಯ ಕೋಷ್ಟಕದ ಎರಡು ಪ್ರತಿ ಇಟ್ಟುಕೊಳ್ಳುತ್ತದೆ, ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಒಂದನ್ನೇ. ಬರೆಯುತ್ತಿರುವಾಗಲೇ ಎಳೆದುಬಿಟ್ಟರೆ ಪಟ್ಟಿಗೂ ಫೈಲಿಗೂ ತಾಳೆ ತಪ್ಪಬಹುದು. ಮುಂದಿನ ಸಲ ಚುಚ್ಚಿದಾಗ ಈ ಡ್ರೈವಿನಲ್ಲಿ ಏನೋ ತೊಂದರೆಯಿದೆ, ಸ್ಕ್ಯಾನ್ ಮಾಡಿ ಎಂದು ವಿಂಡೋಸ್ ಸೂಚಿಸಿದರೆ ಅದು ಇದರ ಲಕ್ಷಣ. ಮೊದಲು ಬೇಕಾದ ಫೈಲ್‌ಗಳನ್ನು ಬೇರೆಡೆ ಇಳಿಸಿಕೊಂಡು, ಆಮೇಲೆ ಸ್ಕ್ಯಾನಿಗೆ ಒಪ್ಪುವುದು ಜಾಣತನ. ದುರಸ್ತಿಯ ಭರದಲ್ಲಿ ಹಾಳಾದ ಫೈಲಿನ ತುಣುಕುಗಳು ಗುರುತಿಲ್ಲದ ಹೆಸರಲ್ಲಿ ಇನ್ನೊಂದು ಫೋಲ್ಡರಿಗೆ ಹೋಗಿ ಕೂರುವುದುಂಟು.

ಇನ್ನೊಂದು ದೌರ್ಬಲ್ಯ ಅಷ್ಟಾಗಿ ಯಾರ ಕಣ್ಣಿಗೂ ಬೀಳದ್ದು. ಯಾವ ಫೈಲ್ ಸಿಸ್ಟಮ್ ಆದರೂ ಜಾಗವನ್ನು ಇಡಿ ಇಡಿಯಾದ ತುಂಡುಗಳಲ್ಲಿ ಹಂಚುತ್ತದೆ. ತುಂಡಿನಲ್ಲಿ ಉಳಿದದ್ದು ವ್ಯರ್ಥ. 64 ಜಿಬಿ ಡ್ರೈವನ್ನು ವಿಂಡೋಸ್‌ನಲ್ಲಿ ಎಕ್ಸ್‌ಫ್ಯಾಟ್ ಮಾಡಿದರೆ ಒಂದು ತುಂಡು 128 ಕೆಬಿ, ಎನ್‌ಟಿಎಫ್ಎಸ್ ಮಾಡಿದರೆ 4 ಕೆಬಿ. ವಿಡಿಯೊಗಳಿಗೆ ಇದರಿಂದ ಏನೂ ಆಗದು. ಆದರೆ ತಲಾ 10 ಕೆಬಿಯ 20,000 ಫೈಲ್‌ಗಳಿರುವ ಒಂದು ಪ್ರಾಜೆಕ್ಟ್ ಫೋಲ್ಡರ್ ಇದೆ ಎನ್ನಿ. ನಿಜವಾದ ಸರಕು 200 ಎಂಬಿಯೂ ಇಲ್ಲ. ಎನ್‌ಟಿಎಫ್ಎಸ್‌ನಲ್ಲಿ ಪ್ರತಿ ಫೈಲಿಗೆ ಮೂರು ತುಂಡು ಹಿಡಿದು ಸುಮಾರು 235 ಎಂಬಿ ಆಗುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಪ್ರತಿಯೊಂದೂ ಒಂದು ಪೂರ್ತಿ ತುಂಡು ಕಬಳಿಸಿ ಸುಮಾರು 2.4 ಜಿಬಿ ನುಂಗುತ್ತದೆ! ಫೋಲ್ಡರಿನ Properties ತೆರೆದರೆ Size, Size on disk ಎಂಬ ಎರಡು ಸಾಲುಗಳಿರುತ್ತವೆ. ಅವುಗಳ ನಡುವಿನ ಅಂತರವೇ ಈ ವ್ಯರ್ಥ. ಅಂಥ ಫೋಲ್ಡರನ್ನು ಒಂದೇ ಜಿಪ್ ಫೈಲಾಗಿ ಕಟ್ಟಿ ಹಾಕಿದರೆ ಸಮಸ್ಯೆಯೇ ಇರದು, ಕಾಪಿಯೂ ಬೇಗ ಮುಗಿಯುತ್ತದೆ.

ಇಷ್ಟೆಲ್ಲ ಇದ್ದರೂ ಫ್ಯಾಟ್32 ಸತ್ತಿಲ್ಲ. ಕಾರಿನ ಸ್ಟೀರಿಯೊ, ಹಳೆಯ ಟಿವಿ, ಸೌಂಡ್ ಬಾಕ್ಸ್‌ಗಳಲ್ಲಿ ಎಷ್ಟೋ ಈಗಲೂ ಓದುವುದು ಅದೊಂದನ್ನೇ. ಹಾಡು ತುಂಬಿ ಕಾರಿಗೆ ಹಾಕುವ ಡ್ರೈವಿಗೆ ಅದನ್ನು ಬಿಟ್ಟು ಬೇರೆ ಮಾಡುವ ಅಗತ್ಯವೂ ಇಲ್ಲ, ಹಾಡು ಎಲ್ಲಿ ನಾಲ್ಕು ಜಿಬಿ ಆಗುತ್ತದೆ? ತಮಾಷೆಯೆಂದರೆ 64 ಜಿಬಿ ಡ್ರೈವನ್ನು ಫಾರ್ಮ್ಯಾಟ್ ಮಾಡಹೊರಟರೆ ವಿಂಡೋಸ್‌ನ ಕಿಟಕಿ ಫ್ಯಾಟ್32 ಆಯ್ಕೆಯನ್ನೇ ತೋರಿಸುತ್ತಿರಲಿಲ್ಲ. ಆ ಕಿಟಕಿ ಬರೆದ ಮೈಕ್ರೋಸಾಫ್ಟ್‌ನ ಮಾಜಿ ಎಂಜಿನಿಯರ್ ಡೇವ್ ಪ್ಲಮರ್, 32 ಜಿಬಿ ಎಂಬ ಗಡಿಯನ್ನು 1990ರ ದಶಕದ ಒಂದು ಗುರುವಾರ ಬೆಳಿಗ್ಗೆ ತಾವೇ ಹಾಕಿದ್ದೆಂದೂ, ಆ ಕಿಟಕಿ ತಾತ್ಕಾಲಿಕ ಎಂದುಕೊಂಡಿದ್ದೆಂದೂ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಫ್ಯಾಟ್32ಗೆ ಸ್ವಂತವಾಗಿ ಅಂಥ ಗಡಿಯೇನಿಲ್ಲ. 2024ರಲ್ಲಿ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯೊಂದರಲ್ಲಿ, ಕಮಾಂಡ್ ಮೂಲಕ ಮಾಡುವವರಿಗಾಗಿ ಅದನ್ನು 2 ಟಿಬಿಗೆ ಏರಿಸಲಾಯಿತು.

ಮದುವೆ ವಿಡಿಯೊಗೆ ಮರಳಿದರೆ, ಸ್ಟುಡಿಯೊದವರು ಮೊದಲು ಕೇಳಬೇಕಾದ್ದು ಮನೆಯ ಟಿವಿ ಯಾವುದು ಎಂದು. ಟಿವಿಯ ಕೈಪಿಡಿಯಲ್ಲಿ ಯುಎಸ್‌ಬಿ ವಿಭಾಗದಲ್ಲಿ ಅದು ಓದುವ ಫಾರ್ಮ್ಯಾಟ್‌ಗಳ ಹೆಸರಿರುತ್ತದೆ. ಎಕ್ಸ್‌ಫ್ಯಾಟ್ ಓದದೆ ಎನ್‌ಟಿಎಫ್ಎಸ್ ಓದುವ ಟಿವಿಗಳಿವೆ, ಅಲ್ಲಿ ಮೇಲಿನ ಸಲಹೆಯೆಲ್ಲ ತಲೆಕೆಳಗು. ಫ್ಯಾಟ್32 ಮಾತ್ರ ಓದುವ ಟಿವಿಯಾದರೆ ಡ್ರೈವಿಗೆ ಕೈ ಹಾಕದೆ ವಿಡಿಯೊವನ್ನೇ ಧಾರೆ ಮುಗಿದ ಕಡೆ ತುಂಡರಿಸಿ ಎರಡು ಫೈಲ್ ಮಾಡಿಕೊಡಬಹುದು, ಎರಡೂ 57 ನಿಮಿಷದೊಳಗೆ ಇದ್ದರಾಯಿತು.

ಎಕ್ಸ್‌ಫ್ಯಾಟ್ ಮಾಡುವುದಾದರೆ ಡ್ರೈವಿನಲ್ಲಿರುವುದನ್ನೆಲ್ಲ ಮೊದಲು ಬೇರೆಡೆ ಕಾಪಿ ಮಾಡಿಡಬೇಕು, ಏಕೆಂದರೆ ಫಾರ್ಮ್ಯಾಟ್ ಎಲ್ಲವನ್ನೂ ಅಳಿಸುತ್ತದೆ. ಡ್ರೈವಿನ ಮೇಲೆ ಬಲ ಕ್ಲಿಕ್, Format, ಫೈಲ್ ಸಿಸ್ಟಮ್ ಜಾಗದಲ್ಲಿ exFAT, ತುಂಡಿನ ಗಾತ್ರ ಇದ್ದಂತೆಯೇ, Quick Format ಗುರುತು ಹಾಗೆಯೇ ಇರಲಿ, Start. ಕೆಲವೇ ಸೆಕೆಂಡಿನ ಕೆಲಸ. ಒತ್ತುವ ಮುನ್ನ ಡ್ರೈವಿನ ಅಕ್ಷರವನ್ನೊಮ್ಮೆ ನೋಡಿಕೊಳ್ಳಬೇಕು, ಪಕ್ಕದಲ್ಲೇ ಬ್ಯಾಕಪ್ ಡಿಸ್ಕ್ ಸಿಕ್ಕಿಸಿಟ್ಟಿದ್ದರಂತೂ ಎರಡೆರಡು ಸಲ.

ಎನ್‌ಟಿಎಫ್ಎಸ್‌ಗೆ ಮಾತ್ರ ಇನ್ನೊಂದು ಅನುಕೂಲವಿದೆ. ಫ್ಯಾಟ್32 ಡ್ರೈವನ್ನು ಏನನ್ನೂ ಅಳಿಸದೆ ಅದಕ್ಕೆ ಬದಲಾಯಿಸಬಹುದು. ಡ್ರೈವಿನ ಅಕ್ಷರ F ಆಗಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಕಿಟಕಿಯಲ್ಲಿ ಹೀಗೆ ಟೈಪಿಸಬೇಕು:

```
convert F: /fs:ntfs
```

ಡ್ರೈವಿಗೆ ಹೆಸರಿಟ್ಟಿದ್ದರೆ ಅದನ್ನೂ ಟೈಪಿಸಲು ಕೇಳುತ್ತದೆ. ಫೈಲ್‌ಗಳು ಇದ್ದಲ್ಲೇ ಉಳಿಯುತ್ತವೆ, ಆದರೂ ಒಂದು ಪ್ರತಿ ಬೇರೆಡೆ ಇಟ್ಟುಕೊಳ್ಳುವುದು ಒಳ್ಳೆಯದು. ಇದೇ ಆಜ್ಞೆಯಿಂದ ಎಕ್ಸ್‌ಫ್ಯಾಟ್‌ಗೆ ಹೋಗಲಾಗದು, ಎನ್‌ಟಿಎಫ್ಎಸ್‌ನಿಂದ ಫ್ಯಾಟ್32ಗೆ ಮರಳಲೂ ಆಗದು. ಅದಕ್ಕೆ ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡುವುದೊಂದೇ ದಾರಿ.