ದರ್ಜೆಯ ಮಾತು ಮತ್ತು ಮಟ್ಟದ ಮಾತು

ಮಕ್ಕಳ ಪ್ರಬಂಧಗಳನ್ನು ತೂಗುವ ಪಟ್ಟಿಗಳಲ್ಲಿ ‘ಅತ್ಯುತ್ತಮ’, ‘ಉತ್ತಮ’, ‘ಸಾಧಾರಣ’ ಎಂಬ ಪದಗಳು ಕಾಣುತ್ತವೆ. ಇವು ಪರೀಕ್ಷಕನ ತೀರ್ಪನ್ನು ಹೆಸರಿಸುತ್ತವೆಯೇ ಹೊರತು ಪ್ರಬಂಧದಲ್ಲಿ ಏನಿದೆಯೆಂಬುದನ್ನು ಹೇಳುವುದಿಲ್ಲ. ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆಯ ಡೀಡರಿಕ್, ಫ್ರೆಂಚ್, ಕಾರ್ಲ್ಟನ್ ಎಂಬ ಮೂವರು 1961ರಲ್ಲಿ ಇದರ ಫಲವನ್ನು ತೋರಿಸಿಕೊಟ್ಟರು. ಯಾವ ಮಾನದಂಡವನ್ನೂ ವಿಧಿಸದೆ 300 ಪ್ರಬಂಧಗಳನ್ನು 53 ಮಂದಿ ಓದುಗರಿಗೆ ಕೊಟ್ಟು, ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಲು ಹೇಳಿದರು. 101 ಪ್ರಬಂಧಗಳಿಗೆ ಒಂಬತ್ತೂ ದರ್ಜೆಗಳು ದೊರೆತವು. ಒಬ್ಬನಿಗೆ ಕೊನೆಯದಾದುದು ಇನ್ನೊಬ್ಬನಿಗೆ ಮೊದಲನೆಯದಾಯಿತು. ಎಲ್ಲರೂ ‘ಉತ್ತಮ’ವನ್ನೇ ಹುಡುಕಿದ್ದರು, ಆದರೆ ಒಬ್ಬನು ವಿಚಾರದಲ್ಲಿ, ಮತ್ತೊಬ್ಬನು ಕಾಗುಣಿತದಲ್ಲಿ ಹುಡುಕಿದ್ದನು.

ಹೊಗಳಿಕೆಯ ವಿಶೇಷಣವನ್ನು ತೆಗೆದು ಪ್ರಮಾಣದ ವಿಶೇಷಣವನ್ನು ಇಟ್ಟರೆ ಪ್ರಯೋಜನವಿಲ್ಲ. ‘ಕೆಲವು ಕಾರಣಗಳನ್ನು ಹೇಳುತ್ತಾನೆ’, ‘ಅನೇಕ ಕಾರಣಗಳನ್ನು ಹೇಳುತ್ತಾನೆ’ ಎಂಬ ಎರಡು ಮಟ್ಟಗಳ ನಡುವೆ ಗೆರೆಯೆಲ್ಲಿ? ಯುರೋಪ್ ಮಂಡಳಿಯು 2001ರಲ್ಲಿ ಹೊರತಂದ ಭಾಷಾಮಟ್ಟಗಳ ಚೌಕಟ್ಟು ಮಟ್ಟಗಳ ಭೇದವು ಇಂತಹ ಪದಬದಲಾವಣೆಯನ್ನು ಅವಲಂಬಿಸಬಾರದೆಂದು ಸಲಹೆ ನೀಡುತ್ತದೆ. ಮಟ್ಟಗಳ ನಡುವಣ ಭೇದವು ಪ್ರಮಾಣದ್ದಾಗಿರದೆ ಕೆಲಸದ ಬಗೆಯದಾಗಿರಬೇಕು.

ನಮ್ಮ ಊರಿನದೇ ಒಂದು ವಿಷಯವನ್ನು ತೆಗೆದುಕೊಳ್ಳೋಣ. ಪುಣೆಯ ಕನ್ನಡ ಮಕ್ಕಳಿಗೆ ‘1961ರ ಪ್ರವಾಹ’ ಎಂಬ ಪ್ರಬಂಧವನ್ನು ಬರೆಯಲು ಹೇಳಿದೆವೆಂದಿಟ್ಟುಕೊಳ್ಳಿ. ಆ ವರ್ಷ ಜುಲೈ 12ರಂದು, ಇನ್ನೂ ಪೂರ್ಣಗೊಳ್ಳದಿದ್ದ ಪಾನ್‌ಶೆತ್ ಕಟ್ಟೆ ಒಡೆದು, ಅದರ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸ್ಲಾ ಕಟ್ಟೆಯೂ ಒಡೆದು, ಮುಠಾ ದಂಡೆಯ ಪೇಟೆಗಳು ಮುಳುಗಿದವು. ‘ಕಾರಣನಿರೂಪಣೆ’ ಎಂಬ ಒಂದೇ ಅಂಶಕ್ಕೆ ನಾಲ್ಕು ಮಟ್ಟಗಳನ್ನು ಬರೆಯಬೇಕಾಗಿದೆ.

ಮೊದಲನೆಯ ಮಟ್ಟದ ಬಾಲಕನು ಸಂಗತಿಗಳನ್ನು ಹೆಸರಿಸುತ್ತಾನೆ. ಅವುಗಳನ್ನು ಹೇಗೆ ಹಿಂದುಮುಂದು ಮಾಡಿದರೂ ಪ್ರಬಂಧಕ್ಕೆ ಹಾನಿಯಿಲ್ಲ. ಎರಡನೆಯವನು ಕಾಲಕ್ರಮದಲ್ಲಿ ಇಡುತ್ತಾನೆ: “ಮಳೆ ಬಂತು. ಪಾನ್‌ಶೆತ್ ಒಡೆಯಿತು. ಆಮೇಲೆ ಖಡಕ್‌ವಾಸ್ಲಾ ಒಡೆಯಿತು.” ಇಲ್ಲಿ ‘ಆಮೇಲೆ’ ಇದೆ, ‘ಏಕೆ’ ಇಲ್ಲ. ಮೂರನೆಯವನು ಒಂದು ಸಂಗತಿ ಇನ್ನೊಂದನ್ನು ಹೇಗೆ ಉಂಟುಮಾಡಿತೆಂಬುದನ್ನು ತಿಳಿಸುತ್ತಾನೆ: “ಪಾನ್‌ಶೆತ್ತಿನ ನೀರೆಲ್ಲ ಒಮ್ಮೆಗೇ ಮೇಲೆ ಬಿದ್ದುದರಿಂದ ಖಡಕ್‌ವಾಸ್ಲಾ ತಾಳಲಾರದೆ ಒಡೆಯಿತು.” ನಾಲ್ಕನೆಯವನು ಆ ದಿನದ ಪ್ರಚೋದನೆಯನ್ನೂ ಮೊದಲೇ ಇದ್ದ ಸ್ಥಿತಿಯನ್ನೂ ಬೇರ್ಪಡಿಸುತ್ತಾನೆ: ಮಳೆ ಎಲ್ಲ ವರ್ಷವೂ ಬರುತ್ತದೆ, ಕೆಲಸ ಮುಗಿಯದ ಕಟ್ಟೆಯಲ್ಲಿ ನೀರು ತುಂಬಿದ್ದುದು ಆ ವರ್ಷದ ವಿಶೇಷ. ಈ ವಿವರಣೆಗಳಲ್ಲಿ ಹೊಗಳಿಕೆಯ ಪದವೊಂದೂ ಇಲ್ಲ. ಆದರೂ ಪರೀಕ್ಷಕನು ಪ್ರಬಂಧದ ಯಾವ ಸಾಲಿನ ಮೇಲೆ ಬೆರಳಿಡಬೇಕೆಂಬುದು ನಿಶ್ಚಿತವಾಗಿದೆ.

ಅಸ್ಪಷ್ಟತೆಯಿಂದ ತಪ್ಪಿಸಿಕೊಂಡವರು ಅನೇಕವೇಳೆ ಎಣಿಕೆಯ ಬಲೆಗೆ ಬೀಳುತ್ತಾರೆ. ‘ಮೂರು ಕಾರಣಗಳನ್ನು ಕೊಟ್ಟರೆ ಮೂರನೆಯ ಮಟ್ಟ’ ಎಂದು ಬರೆದರೆ, ಮಕ್ಕಳು ಒಂದೇ ಕಾರಣವನ್ನು ಮೂರು ವೇಷಗಳಲ್ಲಿ ತರುತ್ತಾರೆ. ‘ಆದ್ದರಿಂದ ಎಂಬ ಪದವನ್ನು ಬಳಸುತ್ತಾನೆ’ ಎಂದರೆ ಇನ್ನೂ ಅಪಾಯ: “ಜನರು ಓಡಿದರು, ಆದ್ದರಿಂದ ಅದು ಜುಲೈ ತಿಂಗಳಾಗಿತ್ತು” ಎಂಬ ವಾಕ್ಯಕ್ಕೂ ಅಂಕ ಕೊಡಬೇಕಾಗುತ್ತದೆ. ಗುರುತು ಬೇರೆ, ಗುರುತಿಸಬೇಕಾದ ವಸ್ತು ಬೇರೆ. ಸಂಖ್ಯೆಯನ್ನು ಹಾಕಲೇಬೇಕಾದಲ್ಲಿ, ಏನನ್ನು ಒಂದೆಂದು ಎಣಿಸಬೇಕೆಂಬುದನ್ನೂ ಹೇಳತಕ್ಕದ್ದು.

ಬರೆದ ಮಟ್ಟಗಳನ್ನು ಪರೀಕ್ಷಿಸುವ ಬಗೆ ಸುಲಭವಾದುದು. ಹತ್ತು ಪ್ರಬಂಧಗಳನ್ನು ಇಬ್ಬರು ಪರಸ್ಪರ ಮಾತನಾಡದೆ ತೂಗಲಿ. ಭಿನ್ನಾಭಿಪ್ರಾಯ ಬಂದ ಪ್ರಬಂಧದಲ್ಲಿ ಇಬ್ಬರೂ ತಮಗೆ ಆಧಾರವಾದ ಸಾಲನ್ನು ತೋರಿಸಲಿ. ಬೇರೆ ಬೇರೆ ಸಾಲುಗಳನ್ನು ತೋರಿಸಿದರೆ ಒಬ್ಬನು ಸರಿಯಾಗಿ ಓದಿಲ್ಲ. ಒಂದೇ ಸಾಲನ್ನು ತೋರಿಸಿ ಬೇರೆ ಬೇರೆ ಮಟ್ಟವನ್ನು ಹೇಳಿದರೆ ವಿವರಣೆಯೇ ಸಡಿಲವಾಗಿದೆ, ತಿದ್ದಬೇಕಾದುದು ಅದನ್ನು. ಎರಡನೆಯ ಮತ್ತು ಮೂರನೆಯ ಮಟ್ಟಗಳ ನಡುವೆ ಇಂತಹ ಜಗಳ ಸಹಜ, ಏಕೆಂದರೆ “ಕಟ್ಟೆ ಒಡೆದು ನೀರು ಬಂತು” ಎಂಬಲ್ಲಿನ ‘ಒಡೆದು’ ಕ್ರಮವನ್ನೂ ಸೂಚಿಸಬಹುದು, ಕಾರಣವನ್ನೂ ಸೂಚಿಸಬಹುದು. ಕನ್ನಡದ ಭೂತಕೃದಂತಕ್ಕೆ ಈ ಎರಡು ಮುಖಗಳಿವೆ. ಆದುದರಿಂದ ‘ಕೃದಂತವೊಂದನ್ನೇ ಕಾರಣವೆಂದು ಎಣಿಸತಕ್ಕದ್ದಲ್ಲ’ ಎಂದು ಮೂರನೆಯ ಮಟ್ಟಕ್ಕೆ ಸೇರಿಸಿದರೆ ಜಗಳ ನಿಲ್ಲುತ್ತದೆ.

ಕಾಗುಣಿತಕ್ಕೆ ಪ್ರತ್ಯೇಕ ಅಂಕಣವಿರಲಿ. ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳು ಕಲಿತ ದೇವನಾಗರಿಯಲ್ಲಿ ಹ್ರಸ್ವ ಎ, ಒಗಳಿಗೆ ಬೇರೆ ಚಿಹ್ನೆಯಿಲ್ಲ. ‘ಬೆಳೆ ಕೊಚ್ಚಿಹೋಯಿತು’ ಎಂಬಲ್ಲಿ ‘ಬೇಳೆ ಕೊಚ್ಚಿಹೋಯಿತು’ ಎಂದು ಬರೆಯುತ್ತಾರೆ. ಇಲ್ಲಿಯೂ ‘ಕಡಿಮೆ ತಪ್ಪು, ಹೆಚ್ಚು ತಪ್ಪು’ ಎನ್ನುವುದಕ್ಕಿಂತ, ತಪ್ಪಿನಿಂದ ಪದವೇ ಬೇರೊಂದಾಗಿ ಅರ್ಥ ಕೆಟ್ಟಿದೆಯೋ, ಅಥವಾ ಅಕ್ಷರ ತಪ್ಪಿದ್ದರೂ ಪದ ಅದೇ ಎಂದು ತಿಳಿಯುತ್ತದೆಯೋ ಎಂಬ ಭೇದವು ಮಟ್ಟಗಳನ್ನು ಬೇರ್ಪಡಿಸಲಿ. ಕಾರಣವನ್ನು ಚೆನ್ನಾಗಿ ಬಿಡಿಸಿದ ಹುಡುಗಿಯ ನಾಲ್ಕನೆಯ ಮಟ್ಟವನ್ನು ಆ ‘ಬೇಳೆ’ ಕಸಿದುಕೊಳ್ಳಬಾರದು.