ಎಫ್‌ಡಿ ಇಟ್ಕೊಂಡು ಪರ್ಸನಲ್ ಲೋನ್ ಯಾಕೆ?

ಮೊಬೈಲ್‌ಗೆ ದಿನಕ್ಕೆ ಎಷ್ಟು ಮೆಸೇಜ್ ಬರುತ್ತೆ ನೋಡಿ. ನಿಮಗೆ ಮೂರು ಲಕ್ಷ ಪರ್ಸನಲ್ ಲೋನ್ ಮಂಜೂರಾಗಿದೆ, ದಾಖಲೆ ಬೇಡ, ಎರಡೇ ನಿಮಿಷ ಸಾಕು ಅಂತ. ಇದನ್ನ ಕಳಿಸೋ ಬ್ಯಾಂಕಿನಲ್ಲೇ ನಿಮ್ಮದೊಂದು ಎಫ್‌ಡಿ ಇರಬಹುದು. ಆ ಎಫ್‌ಡಿ ಮೇಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಡ್ಡಿಗೇ ಹಣ ಸಿಗುತ್ತೆ ಅಂತ ಮಾತ್ರ ಯಾವ ಮೆಸೇಜೂ ಹೇಳಲ್ಲ.

ಇದಕ್ಕೆ ಎಫ್‌ಡಿ ಮೇಲಿನ ಓವರ್‌ಡ್ರಾಫ್ಟ್ ಅಂತಾರೆ. ಬ್ಯಾಂಕಿನವರ ಭಾಷೆಯಲ್ಲಿ ಓಡಿ. ಠೇವಣಿಯನ್ನ ಮುರಿಯೋದಿಲ್ಲ, ಅದನ್ನೇ ಅಡ ಇಡೋದು. ಠೇವಣಿ ಮೊತ್ತದ ಶೇಕಡಾ 75ರಿಂದ 90ರ ತನಕ ಒಂದು ಮಿತಿ ಹಾಕಿಕೊಡ್ತಾರೆ. ಆ ಮಿತಿಯೊಳಗೆ ಬೇಕಾದಾಗ ತೆಗೀಬಹುದು, ಬಂದಾಗ ಕಟ್ಟಬಹುದು. ಎಷ್ಟು ತೆಗೆದಿರೋ ಅಷ್ಟಕ್ಕೆ, ಎಷ್ಟು ದಿನ ಇಟ್ಟುಕೊಂಡಿರೋ ಅಷ್ಟು ದಿನಕ್ಕೆ ಮಾತ್ರ ಬಡ್ಡಿ. ದರ ಸಾಮಾನ್ಯವಾಗಿ ನಿಮ್ಮ ಎಫ್‌ಡಿ ದರಕ್ಕಿಂತ ಒಂದು ಅಥವಾ ಎರಡು ಪರ್ಸೆಂಟ್ ಹೆಚ್ಚು.

ಒಂದು ಲೆಕ್ಕ ಹಾಕೋಣ. ತುಮಕೂರಿನ ಒಬ್ಬ ಖಾಸಗಿ ಶಾಲೆಯ ಟೀಚರ್ ಅಂದ್ಕೊಳ್ಳಿ. ಮಗಳ ಕಾಲೇಜು ಫೀಸಿಗೆ ತಕ್ಷಣ ಎರಡು ಲಕ್ಷ ಬೇಕು. ಕೈಯಲ್ಲಿ ಮೂರು ಲಕ್ಷದ ಎರಡು ವರ್ಷದ ಎಫ್‌ಡಿ ಇದೆ, ಬಡ್ಡಿ ಶೇಕಡಾ 7, ಹದಿನಾಲ್ಕು ತಿಂಗಳು ಕಳೆದಿದೆ. ನಲವತ್ತು ದಿನಕ್ಕೆ ಚೀಟಿ ಹಣ 1.2 ಲಕ್ಷ ಬರೋದಿದೆ. ಅದಾಗಿ ಐವತ್ತು ದಿನಕ್ಕೆ ಯಜಮಾನರ ಬಾಕಿ ಸಂಬಳ ಬರುತ್ತೆ. ಅಂದ್ರೆ ಕಷ್ಟ ಇರೋದು ಬರೀ ಮೂರು ತಿಂಗಳು.

ಓಡಿ ತಗೊಂಡ್ರೆ ದರ ಶೇಕಡಾ 8 ಅಂತಿಟ್ಕೊಳ್ಳಿ. ಎರಡು ಲಕ್ಷಕ್ಕೆ ನಲವತ್ತು ದಿನದ ಬಡ್ಡಿ ಸುಮಾರು 1,753 ರೂಪಾಯಿ. ಚೀಟಿ ಹಣ ಕಟ್ಟಿದ ಮೇಲೆ ಉಳಿದ ಎಂಬತ್ತು ಸಾವಿರಕ್ಕೆ ಐವತ್ತು ದಿನದ ಬಡ್ಡಿ 877. ಒಟ್ಟು 2,630 ರೂಪಾಯಿ. ಮುಗೀತು.

ಈಗ ಪರ್ಸನಲ್ ಲೋನ್. ಎರಡು ಲಕ್ಷ, ಶೇಕಡಾ 14 ಬಡ್ಡಿ, ಒಂದು ವರ್ಷದ ಅವಧಿ. ಪ್ರೊಸೆಸಿಂಗ್ ಫೀ ಎರಡು ಪರ್ಸೆಂಟ್ ಅಂದ್ರೆ ನಾಲ್ಕು ಸಾವಿರ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, 4,720 ಆಯ್ತು. ಸಾಮಾನ್ಯವಾಗಿ ಇದನ್ನ ಸಾಲದ ಹಣದಲ್ಲೇ ಮುರ್ಕೊಂಡು ಕೊಡ್ತಾರೆ, ಕೈಗೆ ಪೂರ್ತಿ ಎರಡು ಲಕ್ಷ ಬರೋದೇ ಇಲ್ಲ. ಮರುತಿಂಗಳಿಂದಲೇ 17,957 ರೂಪಾಯಿ ಇಎಂಐ ಶುರು. ಇಲ್ಲೇ ಎಡವಟ್ಟು ನೋಡಿ: ಹಣ ಬರೋದು ನಲವತ್ತು ದಿನ ಆದ್ಮೇಲೆ, ಕಂತು ಬರೋದು ಮೂವತ್ತನೇ ದಿನಕ್ಕೆ. ಮೂರು ಕಂತಿನಲ್ಲಿ ಬಡ್ಡಿಯೇ ಸುಮಾರು 6,450 ಹೋಗುತ್ತೆ. ಆಮೇಲೆ ಬಾಕಿ ತೀರಿಸಿ ಸಾಲ ಮುಚ್ಚೋಣ ಅಂದ್ರೆ, ಉಳಿದ ಅಸಲಿನ ಮೇಲೆ ಮೂರು ಪರ್ಸೆಂಟ್ ದಂಡ, ಅದಕ್ಕೂ ಜಿಎಸ್‌ಟಿ ಸೇರಿ ಸುಮಾರು 5,400. ಎಲ್ಲ ಕೂಡಿದರೆ ಹದಿನಾರೂವರೆ ಸಾವಿರ ದಾಟುತ್ತೆ. ಇನ್ನು ಕೆಲವು ಕಡೆ ಮೊದಲ ಕೆಲವು ತಿಂಗಳು ಸಾಲ ಮುಚ್ಚೋಕೇ ಬಿಡಲ್ಲ.

ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆಯಲ್ಲ ಅಂತ ನೀವು ಕೇಳಬಹುದು. ಹೇಳಿರೋದು ನಿಜ. 2026ರ ಜನವರಿ 1ರಿಂದ ಮಂಜೂರಾಗೋ ಸಾಲಗಳಿಗೆ ಆ ನಿಯಮ ಇದೆ. ಆದರೆ ವ್ಯಕ್ತಿಗಳಿಗೆ ಅದು ಅನ್ವಯ ಆಗೋದು ಬದಲಾಗುವ ಬಡ್ಡಿದರದ ಸಾಲಕ್ಕೆ. ಪರ್ಸನಲ್ ಲೋನ್ ಬಹುತೇಕ ಸ್ಥಿರ ಬಡ್ಡಿದರದ್ದು. ಸಹಿ ಹಾಕೋ ಮುಂಚೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಹಾಳೆ ಕೊಡಬೇಕು, ಅದನ್ನ ಕೇಳಿ ಇಸ್ಕೊಳ್ಳಿ. ಅದರಲ್ಲಿ ಎಪಿಆರ್ ಅಂತ ಇರುತ್ತೆ, ಅದು ಬಡ್ಡಿ ಮತ್ತು ಫೀ ಎರಡೂ ಸೇರಿದ ವಾರ್ಷಿಕ ದರ. ಮೊದಲೇ ಮುಚ್ಚಿದರೆ ಎಷ್ಟು ದಂಡ ಅನ್ನೋದು ಆ ದರದಲ್ಲಿ ಸೇರಿರಲ್ಲ, ಬೇರೆ ಸಾಲಿನಲ್ಲಿ ಬರೆದಿರ್ತಾರೆ. ಮೂರು ತಿಂಗಳಿಗೆ ಸಾಲ ತಗೊಳ್ಳೋರಿಗೆ ಮುಖ್ಯವಾದದ್ದು ಆ ಸಾಲು.

ಇನ್ನೊಂದು ವಿಷಯ. ಓಡಿ ಬಗ್ಗೆ ಮಾತಾಡುವಾಗ ಒಂದು ಡೈಲಾಗ್ ಕೇಳ್ತೀರಿ: ‘ಎಫ್‌ಡಿಗೆ 7 ಬರ್ತಾ ಇದೆ, ಓಡಿಗೆ 8 ಕಟ್ತೀರಿ, ನಿಮಗೆ ಬೀಳೋದು ಒಂದೇ ಪರ್ಸೆಂಟ್ ಸಾರ್!’ ಕೇಳೋಕೆ ಚೆನ್ನಾಗಿದೆ, ಆದರೆ ಅರ್ಧ ಸತ್ಯ. ಪರ್ಸನಲ್ ಲೋನ್ ತಗೊಂಡಿದ್ರೂ ಎಫ್‌ಡಿ ಮೇಲಿನ 7 ಪರ್ಸೆಂಟ್ ನಿಮಗೆ ಬರ್ತಾನೇ ಇತ್ತು. ಹಾಗಾಗಿ ಪರ್ಸನಲ್ ಲೋನ್ ಜೊತೆ ತೂಗಬೇಕಾದದ್ದು 8 ಮತ್ತು 14, ಒಂದು ಮತ್ತು 14 ಅಲ್ಲ. ಒಂದು ಪರ್ಸೆಂಟ್ ಲೆಕ್ಕ ಕೆಲಸಕ್ಕೆ ಬರೋದು ಎಫ್‌ಡಿ ಮುರೀಬೇಕಾ, ಅಡ ಇಡಬೇಕಾ ಅನ್ನೋ ಪ್ರಶ್ನೆಗೆ.

ಆ ಪ್ರಶ್ನೆಯನ್ನೂ ನೋಡೇ ಬಿಡೋಣ. ನಮ್ಮ ಟೀಚರ್ ಎಫ್‌ಡಿ ಮುರಿದರೆ ಒಪ್ಪಿದ 7 ಸಿಗಲ್ಲ. ಹದಿನಾಲ್ಕು ತಿಂಗಳ ಠೇವಣಿಗೆ ಅವತ್ತು ಏನು ದರ ಇತ್ತೋ ಅದು ಸಿಗುತ್ತೆ, 6.75 ಅಂದ್ಕೊಳ್ಳಿ. ಅದರಲ್ಲಿ ಒಂದು ಪರ್ಸೆಂಟ್ ದಂಡ ಕಳೆದರೆ 5.75. ಮೂರು ಲಕ್ಷಕ್ಕೆ ಹದಿನಾಲ್ಕು ತಿಂಗಳಲ್ಲಿ ನಾಲ್ಕು ಸಾವಿರಕ್ಕಿಂತ ಹೆಚ್ಚು ನಷ್ಟ. ಓಡಿಯ 2,630 ಅದಕ್ಕಿಂತ ಕಡಿಮೆ. ಆದರೆ ಎಫ್‌ಡಿ ಇಟ್ಟು ಇನ್ನೂ ಒಂದು ತಿಂಗಳೂ ಆಗಿಲ್ಲ, ತೆಗೆದ ಹಣ ಸದ್ಯಕ್ಕೆ ವಾಪಸ್ ಬರಲ್ಲ ಅಂದ್ರೆ ಮುರಿಯೋದೇ ಸರಿ. ಮಗಳ ನಾಲ್ಕು ವರ್ಷದ ಫೀಸನ್ನ ಓಡಿ ಮೇಲೆ ನಡೆಸೋಕೆ ಹೋಗಬೇಡಿ.

ಯಾಕಂದ್ರೆ ಓಡಿಯ ಅಪಾಯ ಇರೋದೇ ಅದರ ಸಡಿಲದಲ್ಲಿ. ಇಎಂಐ ಇಲ್ಲ, ಯಾರೂ ಫೋನ್ ಮಾಡಲ್ಲ. ತಿಂಗಳ ಕೊನೆಗೆ ಬಡ್ಡಿ ಅದೇ ಖಾತೆಗೆ ಖರ್ಚು ಬೀಳುತ್ತೆ, ಮರುತಿಂಗಳು ಆ ಬಡ್ಡಿಗೂ ಬಡ್ಡಿ. ಪೂರ್ತಿ ಮಿತಿಯನ್ನ ಬಳಸಿಬಿಟ್ಟಿದ್ರೆ ಮೊದಲ ಬಡ್ಡಿಗೇ ಖಾತೆ ಮಿತಿ ದಾಟುತ್ತೆ. ಹಾಗೇ ಬಿಟ್ಟರೆ ಬ್ಯಾಂಕು ಎಫ್‌ಡಿಯನ್ನೇ ಸಾಲಕ್ಕೆ ಜಮಾ ಮಾಡ್ಕೊಳ್ಳಬಹುದು. ಹಾಗಾಗಿ ಪ್ರತಿ ತಿಂಗಳೂ ಸ್ಟೇಟ್‌ಮೆಂಟ್‌ನಲ್ಲಿ ಬಾಕಿ ಎಷ್ಟಿದೆ ನೋಡಿ. ನೀವು ಏನೂ ತೆಗೀದೇ ಇದ್ರೂ ಬಾಕಿ ಏರ್ತಾ ಇದ್ರೆ, ಬಡ್ಡಿಯನ್ನೂ ಕಟ್ತಿಲ್ಲ ಅಂತಲೇ ಅರ್ಥ. ಕನಿಷ್ಠ ಅಷ್ಟಾದರೂ ತಿಂಗಳು ತಿಂಗಳು ಹಾಕ್ತಾ ಇರಿ.

ಬ್ಯಾಂಕಿಗೆ ಹೋದಾಗ ‘ಎಫ್‌ಡಿ ಮೇಲೆ ಲೋನ್ ಬೇಕು’ ಅನ್ನಬೇಡಿ, ‘ಓಡಿ ಬೇಕು’ ಅಂತಲೇ ಹೇಳಿ. ಲೋನ್ ಅಂದ್ರೆ ಒಮ್ಮೆಗೇ ಪೂರ್ತಿ ಮೊತ್ತ ಖಾತೆಗೆ ಹಾಕಿ, ಅಷ್ಟೂ ಹಣಕ್ಕೆ ಅವತ್ತಿನಿಂದಲೇ ಬಡ್ಡಿ ಹಾಕೋ ಪದ್ಧತಿಯೂ ಇದೆ. ಆನ್‌ಲೈನ್‌ನಲ್ಲಿ ಮಾಡಿದ ಎಫ್‌ಡಿ ಆದ್ರೆ ಹಲವು ಬ್ಯಾಂಕುಗಳಲ್ಲಿ ನೆಟ್‌ಬ್ಯಾಂಕಿಂಗ್‌ನಲ್ಲೇ ಓಡಿ ಆಗುತ್ತೆ. ಕಾಗದದ ರಸೀದಿ ಇದ್ದರೆ ಅದನ್ನ ತಗೊಂಡು ಶಾಖೆಗೆ ಹೋಗಬೇಕು. ಗಂಡ ಹೆಂಡತಿ ಜಂಟಿಯಾಗಿ ಇಟ್ಟ ಠೇವಣಿ ಆದ್ರೆ ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು, ಆಮೇಲೆ ಓಡಾಡೋ ಬದಲು ಇಬ್ಬರೂ ಒಟ್ಟಿಗೇ ಹೋಗಿಬನ್ನಿ. ತೆರಿಗೆ ಉಳಿಸೋಕೆ ಅಂತ ಐದು ವರ್ಷಕ್ಕೆ ಇಟ್ಟ ಎಫ್‌ಡಿ ಮೇಲೆ ಓಡಿ ಸಿಗೋದೇ ಇಲ್ಲ, ಅದನ್ನ ಅಡ ಇಡೋಕೆ ಕಾನೂನಲ್ಲಿ ಅವಕಾಶ ಇಲ್ಲ. ಕೈಯಲ್ಲಿ ಅದೊಂದೇ ಠೇವಣಿ ಇರೋರಿಗೆ ಚಿನ್ನದ ಸಾಲ ಅಥವಾ ಪರ್ಸನಲ್ ಲೋನೇ ಗತಿ. ಪರ್ಸನಲ್ ಲೋನೇ ಆದ್ರೆ, ಮೊದಲೇ ಮುಚ್ಚಿದರೆ ದಂಡ ಎಷ್ಟು ಅಂತ ಕೇಳಿಕೊಂಡೇ ಸಹಿ ಹಾಕಿ.