ಕಂಪನಿ ತನ್ನದೇ ಷೇರು ಕೊಂಡು ಮಾರಿದಾಗ

ಕಂಪನಿಯೊಂದು ಹಿಂದೆ ತಾನೇ ನೀಡಿದ್ದ ಷೇರುಗಳನ್ನು ಮಾರುಕಟ್ಟೆಯಲ್ಲಿ ಹಣ ಕೊಟ್ಟು ವಾಪಸು ಕೊಂಡು, ರದ್ದು ಮಾಡದೆ ತನ್ನ ಬಳಿಯೇ ಇಟ್ಟುಕೊಂಡರೆ ಅವನ್ನು ಟ್ರೆಷರಿ ಷೇರು ಎನ್ನುತ್ತಾರೆ. ಈ ಷೇರುಗಳಿಗೆ ಮತದ ಹಕ್ಕಿಲ್ಲ, ಡಿವಿಡೆಂಡ್ ಬರುವುದಿಲ್ಲ. ಪ್ರತಿ ಷೇರಿನ ಗಳಿಕೆಯನ್ನು ಲೆಕ್ಕ ಹಾಕುವಾಗಲೂ ಇವನ್ನು ಬಿಟ್ಟೇ ಭಾಗಿಸುತ್ತಾರೆ. ಅಮೆರಿಕದ ಕೋಕಾ-ಕೋಲಾ ಕಂಪನಿ ನೀಡಿರುವ ಷೇರುಗಳು ಒಟ್ಟು 704 ಕೋಟಿ. ಆದರೆ ಜನರ, ಸಂಸ್ಥೆಗಳ ಕೈಯಲ್ಲಿರುವುದು ಸುಮಾರು 430 ಕೋಟಿ ಮಾತ್ರ. ಮಿಕ್ಕವು ವರ್ಷಗಳಿಂದ ಕಂಪನಿಯೇ ಕೊಂಡಿಟ್ಟುಕೊಂಡವು. ನೌಕರರಿಗೆ ಕೊಡುವ ಷೇರು ಆಯ್ಕೆಗಳಿಗೋ, ಇನ್ನೊಂದು ಕಂಪನಿಯನ್ನು ಕೊಳ್ಳುವುದಕ್ಕೋ ಬೇಕಾದಾಗ ಈ ದಾಸ್ತಾನಿನಿಂದ ತೆಗೆದು ಮತ್ತೆ ಹೊರಗೆ ಕೊಡಬಹುದು. ಹಾಗೆ ಕೊಡುವಾಗಿನ ಬೆಲೆ ಕೊಂಡ ಬೆಲೆಗಿಂತ ಹೆಚ್ಚಿದ್ದರೆ ಏನು, ಕಡಿಮೆಯಿದ್ದರೆ ಏನು ಎಂಬಲ್ಲಿ ಲೆಕ್ಕಪತ್ರದ ಒಂದು ವಿಶೇಷ ನಿಯಮ ಬರುತ್ತದೆ.

ಕೊಂಡ ಷೇರನ್ನು ಆಸ್ತಿಯ ಕಡೆ ಬರೆಯುವುದಿಲ್ಲ ಎಂಬುದೇ ಆ ನಿಯಮದ ಬುಡ. ಬೇರೆ ಕಂಪನಿಯ ಷೇರು ಕೊಂಡರೆ ಅದು ಹೂಡಿಕೆ. ಏಕೆಂದರೆ ಆ ಕಂಪನಿಯ ಗಳಿಕೆಯಲ್ಲಿ ಪಾಲು ಸಿಗುತ್ತದೆ. ತನ್ನದೇ ಷೇರು ಕೊಂಡಾಗ ಸಿಗುವುದು ತನ್ನ ಮೇಲಿನ ತನ್ನದೇ ಹಕ್ಕು, ಅಂದರೆ ಏನೂ ಇಲ್ಲ. ನಿಜವಾಗಿ ನಡೆದಿರುವುದು ಇಷ್ಟೇ: ಕೆಲವು ಮಾಲೀಕರು ತಮ್ಮ ಪಾಲಿನ ಹಣ ಪಡೆದು ಹೊರಟುಹೋಗಿದ್ದಾರೆ. ಆದ್ದರಿಂದ ಅಢಾವೆ ಪತ್ರಿಕೆಯಲ್ಲಿ ಅತ್ತ ನಗದು ಇಳಿಯುತ್ತದೆ, ಇತ್ತ ಷೇರುದಾರರ ಬಂಡವಾಳದ ಭಾಗದಲ್ಲಿ ‘ಟ್ರೆಷರಿ ಷೇರು’ ಎಂಬ ಕಳೆಯುವ ಸಾಲೊಂದು ಸೇರುತ್ತದೆ.

ಈ ಸಾಲಿನಲ್ಲಿ ಎಷ್ಟು ಬರೆಯಬೇಕು ಎಂಬುದಕ್ಕೆ ಅಮೆರಿಕದಲ್ಲಿ ಎರಡು ಪದ್ಧತಿಗಳಿವೆ. ಷೇರಿನ ಮುಖಬೆಲೆಯನ್ನು ಆಧಾರವಾಗಿಟ್ಟುಕೊಳ್ಳುವ ಪದ್ಧತಿ ಇಂದು ಅಪರೂಪ. ಹೆಚ್ಚಿನವರು ಅನುಸರಿಸುವುದು ಕೊಂಡ ಬೆಲೆಯ ಪದ್ಧತಿ. ಅದರ ಪ್ರಕಾರ ಕೊಟ್ಟ ಹಣವೆಷ್ಟೋ ಅಷ್ಟನ್ನೇ ಬರೆದು ಬಿಡಬೇಕು. ಮುಂದೆ ಮಾರುಕಟ್ಟೆಯ ಬೆಲೆ ಏರಲಿ, ಇಳಿಯಲಿ, ಆ ಅಂಕಿಯನ್ನು ಮುಟ್ಟುವಂತಿಲ್ಲ.

ಒಂದು ಕಾಲ್ಪನಿಕ ಅಮೆರಿಕನ್ ಕಂಪನಿಯನ್ನು ತೆಗೆದುಕೊಳ್ಳಬಹುದು. ಅದು 1 ಡಾಲರ್ ಮುಖಬೆಲೆಯ 1,00,000 ಷೇರುಗಳನ್ನು ತಲಾ 15 ಡಾಲರಿಗೆ ನೀಡಿದೆ. ಷೇರು ಬಂಡವಾಳ 1,00,000 ಡಾಲರ್, ಷೇರು ಪ್ರೀಮಿಯಂ 14,00,000 ಡಾಲರ್. ಇಷ್ಟು ವರ್ಷ ದುಡಿದು, ಹಂಚದೆ ಉಳಿಸಿಕೊಂಡ ಲಾಭ 9,00,000 ಡಾಲರ್. ಒಟ್ಟು 24,00,000. ಈಗ ಕಂಪನಿ 10,000 ಷೇರುಗಳನ್ನು ತಲಾ 40 ಡಾಲರಿಗೆ ವಾಪಸು ಕೊಳ್ಳುತ್ತದೆ. 4,00,000 ಡಾಲರ್ ನಗದು ಹೋಯಿತು, ಅಷ್ಟೇ ಮೊತ್ತ ಟ್ರೆಷರಿ ಷೇರಿನ ಖಾತೆಗೆ ಖರ್ಚು ಬಿತ್ತು. ಮಾಲೀಕರ ಒಟ್ಟು ಬಂಡವಾಳ 20,00,000ಕ್ಕೆ ಇಳಿಯಿತು. ಷೇರು ಬಂಡವಾಳ, ಪ್ರೀಮಿಯಂ, ಉಳಿಸಿಕೊಂಡ ಲಾಭ ಮೂರೂ ಮೊದಲಿನಂತೆಯೇ ಇವೆ. ಇಳಿಕೆ ಪೂರ್ತಿ ಕಾಣುವುದು ಆ ಕಳೆಯುವ ಸಾಲಿನಲ್ಲೇ. ಪುಸ್ತಕದ ಬೆಲೆ ಷೇರಿಗೆ 24 ಡಾಲರ್ ಇದ್ದದ್ದು ಸುಮಾರು 22ಕ್ಕೆ ಕುಸಿಯಿತು ಎಂಬುದನ್ನೂ ಗಮನಿಸಬೇಕು. ಪುಸ್ತಕದ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡಾಗಲೆಲ್ಲ ಹೀಗಾಗುತ್ತದೆ. ‘ಷೇರುಗಳ ಸಂಖ್ಯೆ ಇಳಿಯಿತು, ಆದ್ದರಿಂದ ಉಳಿದವರಿಗೆಲ್ಲ ಲಾಭ’ ಎಂಬ ಮಾತು ಮರುಖರೀದಿಯ ಸುದ್ದಿಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಎಷ್ಟು ಬೆಲೆಗೆ ಕೊಂಡರು ಎಂಬುದನ್ನು ಮಾತ್ರ ಅದು ಕೇಳುವುದಿಲ್ಲ.

ಕೆಲವು ತಿಂಗಳ ನಂತರ ಬೆಲೆ ಏರಿ, ಕಂಪನಿ 4,000 ಷೇರುಗಳನ್ನು ತಲಾ 45 ಡಾಲರಿಗೆ ಮಾರುತ್ತದೆ. ಬಂದದ್ದು 1,80,000. ಕೊಂಡಾಗ ಇವಕ್ಕೆ ಕೊಟ್ಟದ್ದು 1,60,000. ಟ್ರೆಷರಿ ಷೇರಿನ ಖಾತೆಗೆ 1,60,000 ಜಮಾ ಆಗುತ್ತದೆ, 45 ಡಾಲರ್ ಲೆಕ್ಕದಲ್ಲಲ್ಲ, 40ರ ಲೆಕ್ಕದಲ್ಲಿ. ಮಿಕ್ಕ 20,000 ಡಾಲರ್ ನೋಡಿದರೆ ಯಾರಿಗಾದರೂ ಲಾಭ ಅನಿಸುತ್ತದೆ. ಆದರೆ ಅದು ಲಾಭ-ನಷ್ಟದ ಪಟ್ಟಿಯ ಹತ್ತಿರವೂ ಸುಳಿಯುವುದಿಲ್ಲ. ‘ಟ್ರೆಷರಿ ಷೇರಿನಿಂದ ಬಂದ ಹೆಚ್ಚುವರಿ ಬಂಡವಾಳ’ ಎಂಬ ಪ್ರತ್ಯೇಕ ಖಾತೆಗೆ ಅದು ಜಮಾ ಆಗುತ್ತದೆ.

ಲಾಭವೆನ್ನದಿರುವುದಕ್ಕೆ ಕಾರಣ ಸರಳ. ಕಂಪನಿ ಗಳಿಸುವುದು ಗಿರಾಕಿಗಳ ಜೊತೆ ವ್ಯವಹರಿಸಿ. ಇಲ್ಲಿ ವ್ಯವಹಾರ ನಡೆದಿರುವುದು ಮಾಲೀಕರ ಜೊತೆ. ಮೊದಲಿಗೆ 15 ಡಾಲರಿಗೆ ಷೇರು ನೀಡಿದಾಗ ಬಂದ ಹಣ ಹೇಗೆ ಆದಾಯವಲ್ಲವೋ, ಈಗ 45ಕ್ಕೆ ನೀಡಿದಾಗ ಬಂದದ್ದೂ ಹಾಗೆಯೇ ಬಂಡವಾಳ. ಇದರ ಹಿಂದೆ ಹಳೆಯ ಅನುಭವವೂ ಇದೆ. ತನ್ನ ಕಂಪನಿಯ ಒಳಗಿನ ಸುದ್ದಿ ಆಡಳಿತ ಮಂಡಳಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ತನ್ನ ಷೇರಿನ ವ್ಯಾಪಾರದಿಂದ ಬಂದದ್ದನ್ನು ಲಾಭವೆಂದು ತೋರಿಸಲು ಬಿಟ್ಟರೆ, ಕಾರ್ಖಾನೆ ಮುಚ್ಚಿಟ್ಟೂ ಒಳ್ಳೆಯ ವರ್ಷವೊಂದನ್ನು ಸೃಷ್ಟಿಸಬಹುದು. ಅಮೆರಿಕದ ಲೆಕ್ಕಪರಿಶೋಧಕರ ಸಂಸ್ಥೆಯ ಸಮಿತಿ 1938ರಲ್ಲೇ ಇಂಥ ಮೊತ್ತ ಬಂಡವಾಳಕ್ಕೆ ಸೇರಬೇಕೇ ಹೊರತು ಆದಾಯಕ್ಕಲ್ಲ ಎಂದು ಅಭಿಪ್ರಾಯ ಕೊಟ್ಟಿತು. ಅಂತರರಾಷ್ಟ್ರೀಯ ಮಾನದಂಡವಾದ ಐಎಎಸ್ 32 ಕೂಡ ಇದನ್ನೇ ಹೇಳುತ್ತದೆ. ಅಮೆರಿಕದ ತೆರಿಗೆ ಕಾನೂನಿನ 1032ನೇ ಸೆಕ್ಷನ್ ಪ್ರಕಾರ ತೆರಿಗೆಯ ಲೆಕ್ಕದಲ್ಲೂ ಇಲ್ಲಿ ಲಾಭವಿಲ್ಲ, ನಷ್ಟವೂ ಇಲ್ಲ.

ಕಷ್ಟ ಬರುವುದು ಬೆಲೆ ಬಿದ್ದಾಗ. ನಮ್ಮ ಕಂಪನಿ ಮುಂದೆ 3,000 ಷೇರುಗಳನ್ನು 30 ಡಾಲರಿಗೆ ಕೊಡಬೇಕಾಯಿತು ಎನ್ನೋಣ. ಬಂದದ್ದು 90,000, ಕೊಂಡ ಬೆಲೆ 1,20,000. ಕೊರತೆ 30,000. ಹೆಚ್ಚುವರಿಯನ್ನು ಲಾಭ ಎನ್ನದಿದ್ದ ಮೇಲೆ ಕೊರತೆಯನ್ನು ನಷ್ಟ ಎನ್ನಲಾಗದು. ವರ್ಷದ ಗಳಿಕೆಯಿಂದ ಅದನ್ನು ಕಳೆಯುವಂತಿಲ್ಲ. ಅದನ್ನು ಮೊದಲು ಟ್ರೆಷರಿ ಷೇರಿನ ಹೆಚ್ಚುವರಿ ಬಂಡವಾಳದಿಂದ ತುಂಬಬೇಕು. ಅಲ್ಲಿರುವುದು 20,000. ಅದು ಖಾಲಿಯಾಗುತ್ತದೆ. ಆ ಖಾತೆ ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲವಾದ್ದರಿಂದ ಉಳಿದ 10,000 ನೇರವಾಗಿ ಉಳಿಸಿಕೊಂಡ ಲಾಭದಿಂದ ಹೋಗುತ್ತದೆ. 9,00,000 ಇದ್ದದ್ದು 8,90,000 ಆಗುತ್ತದೆ. ಲಾಭ-ನಷ್ಟದ ಪಟ್ಟಿಯಲ್ಲಿ ಒಂದಕ್ಷರವೂ ಇಲ್ಲದೆ ಕೂಡಿಟ್ಟ ಲಾಭ ಕರಗಿತು.

ಮತ್ತೆ ಬೆಲೆ ಚೇತರಿಸಿ 2,000 ಷೇರುಗಳು 42 ಡಾಲರಿಗೆ ಹೋದವು. ಹೆಚ್ಚುವರಿ 4,000 ಡಾಲರ್. ಹಿಂದೆ ಕಳೆದುಕೊಂಡ ಲಾಭವನ್ನು ಇದರಿಂದ ತುಂಬಿಕೊಳ್ಳೋಣ ಎಂದು ಅನಿಸುವುದು ಸಹಜ. ವಿದ್ಯಾರ್ಥಿಗಳು ಎಡವುವ ಜಾಗವೂ ಇದೇ. ನಿಯಮ ಅದಕ್ಕೆ ಒಪ್ಪುವುದಿಲ್ಲ. ಟ್ರೆಷರಿ ಷೇರಿನ ವ್ಯವಹಾರ ಉಳಿಸಿಕೊಂಡ ಲಾಭವನ್ನು ಇಳಿಸಬಹುದು, ಎಂದೂ ಏರಿಸಲಾರದು. 4,000 ಮತ್ತೆ ಹೆಚ್ಚುವರಿ ಬಂಡವಾಳದ ಖಾತೆಗೇ ಹೋಗಬೇಕು. ಈಗ ಕಂಪನಿಯ ಬಳಿ ಉಳಿದಿರುವುದು 1,000 ಷೇರು, 40,000 ಡಾಲರ್ ಲೆಕ್ಕದಲ್ಲಿ. ಎಲ್ಲ ಕೂಡಿಸಿ ಕಳೆದರೆ ಮಾಲೀಕರ ಬಂಡವಾಳ 23,54,000. ಮರುಖರೀದಿಯ ನಂತರದ 20,00,000ಕ್ಕೆ ಮೂರು ಮಾರಾಟಗಳಿಂದ ಬಂದ ನಗದನ್ನು ಸೇರಿಸಿದರೂ ಇದೇ ಅಂಕಿ ಬರುತ್ತದೆ. ಲೆಕ್ಕ ಸರಿಯಿದೆಯೇ ಎಂದು ನೋಡಲು ಇದಕ್ಕಿಂತ ಸುಲಭದ ತಾಳೆ ಇಲ್ಲ.

ಈ ನಿಯಮದಿಂದ ಒಂದು ವಿಚಿತ್ರವೂ ಹುಟ್ಟುತ್ತದೆ. ಇದೇ ಮೂರು ಮಾರಾಟಗಳಲ್ಲಿ 30 ಡಾಲರಿನದು ಮೊದಲೇ ನಡೆದಿದ್ದರೆ ಹೆಚ್ಚುವರಿ ಖಾತೆಯಲ್ಲಿ ಆಗ ಏನೂ ಇರುತ್ತಿರಲಿಲ್ಲ. 30,000 ಪೂರ್ತಿ ಉಳಿಸಿಕೊಂಡ ಲಾಭದಿಂದಲೇ ಹೋಗಿ ಅದು 8,70,000ಕ್ಕೆ ಇಳಿಯುತ್ತಿತ್ತು. ಆಮೇಲಿನ 20,000 ಮತ್ತು 4,000 ಹೆಚ್ಚುವರಿ ಖಾತೆಯಲ್ಲಿ ಕೂರುತ್ತಿದ್ದವು. ಒಟ್ಟು ಬಂಡವಾಳ ಅದೇ 23,54,000, ನಗದೂ ಅದೇ. ಆದರೆ ಉಳಿಸಿಕೊಂಡ ಲಾಭ 20,000 ಕಡಿಮೆ. ಡಿವಿಡೆಂಡಿನ ಮಿತಿಯನ್ನು ಕೆಲವು ರಾಜ್ಯಗಳ ಕಾನೂನು, ಕೆಲವು ಸಾಲದ ಕರಾರುಗಳು ಉಳಿಸಿಕೊಂಡ ಲಾಭಕ್ಕೇ ಕಟ್ಟಿಹಾಕುತ್ತವೆ. ಅಂಥ ಕಡೆ, ಯಾವ ಮಾರಾಟ ಮೊದಲು ಎಂಬ ಆಕಸ್ಮಿಕವೇ ಷೇರುದಾರರಿಗೆ ಎಷ್ಟು ಹಂಚಬಹುದು ಎಂಬುದನ್ನು ಬದಲಿಸಿಬಿಡುತ್ತದೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಒಳ್ಳೆಯ ಸಮರ್ಥನೆ ಇದೆ ಎನ್ನುವುದು ಕಷ್ಟ.

ಬೇರೆ ಬೇರೆ ಬೆಲೆಗೆ ಹಲವು ಕಂತುಗಳಲ್ಲಿ ಕೊಂಡಿದ್ದರೆ, ಮಾರಿದ್ದು ಯಾವ ಕಂತಿನದು ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಸರಾಸರಿ ಬೆಲೆ ಹಿಡಿಯಬಹುದು, ಇಲ್ಲವೇ ಮೊದಲು ಕೊಂಡದ್ದು ಮೊದಲು ಹೋಯಿತು ಎನ್ನಬಹುದು. ಹಿಡಿದ ದಾರಿಯನ್ನು ನಡುವೆ ಬದಲಿಸಬಾರದು. ವಾರ್ಷಿಕ ವರದಿಯಲ್ಲಿ ಇವನ್ನೆಲ್ಲ ಹುಡುಕಬೇಕಾದ್ದು ಷೇರುದಾರರ ಬಂಡವಾಳದ ಬದಲಾವಣೆಗಳ ಪಟ್ಟಿಯಲ್ಲಿ. ಉಳಿಸಿಕೊಂಡ ಲಾಭದಲ್ಲಿ ವರ್ಷದ ಗಳಿಕೆ, ಡಿವಿಡೆಂಡ್ ಎರಡನ್ನೂ ಬಿಟ್ಟು ಮೂರನೆಯ ಇಳಿಕೆಯೊಂದು ಕಂಡರೆ, ಕೊಂಡ ಬೆಲೆಗಿಂತ ಕಡಿಮೆಗೆ ಷೇರು ಕೊಟ್ಟಿರಬಹುದೇ ಎಂದು ಕೇಳಿ ನೋಡಬಹುದು. ನಗದು ಹರಿವಿನ ಪಟ್ಟಿಯಲ್ಲಿ ಕೊಂಡದ್ದೂ ಮಾರಿದ್ದೂ ಹಣಕಾಸು ಚಟುವಟಿಕೆಗಳ ಅಡಿಯಲ್ಲೇ ಇರುತ್ತವೆ.

ಎಲ್ಲ ಕಂಪನಿಗಳೂ ಷೇರುಗಳನ್ನು ಹೀಗೆ ಇಟ್ಟುಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಟ್ರೆಷರಿ ಷೇರಿನ ವರ್ಗವೇ ಇಲ್ಲ. ಅಲ್ಲಿ ನೋಂದಣಿಯಾದ ಆ್ಯಪಲ್ ಎಷ್ಟೇ ಷೇರು ಕೊಂಡರೂ ಅವು ರದ್ದಾಗುತ್ತವೆ, ಅದರ ಅಢಾವೆಯಲ್ಲಿ ಟ್ರೆಷರಿ ಷೇರಿನ ಸಾಲು ಸಿಗುವುದಿಲ್ಲ. ಭಾರತದ ಸ್ಥಿತಿಯೂ ಹೆಚ್ಚುಕಡಿಮೆ ಇದೇ. 2013ರ ಕಂಪನಿ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ ಮರುಖರೀದಿ ಮುಗಿದ 7 ದಿನಗಳೊಳಗೆ ಕೊಂಡ ಷೇರುಗಳನ್ನು ನಾಶಗೊಳಿಸಬೇಕು. ಬೆಂಗಳೂರಿನ ಇನ್ಫೋಸಿಸ್ 2017ರಲ್ಲಿ ತನ್ನ ಮೊದಲ ಮರುಖರೀದಿಯಲ್ಲಿ 11.3 ಕೋಟಿ ಷೇರುಗಳನ್ನು ತಲಾ 1,150 ರೂಪಾಯಿಗೆ, ಒಟ್ಟು 13,000 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಅವನ್ನು ಮುಂದೆ ಹೆಚ್ಚು ಬೆಲೆಗೆ ಮಾರುವ ಮಾತೇ ಇರಲಿಲ್ಲ. ಆಗ 5 ರೂಪಾಯಿ ಇದ್ದ ಮುಖಬೆಲೆಯ ಲೆಕ್ಕದಲ್ಲಿ ಸುಮಾರು 56 ಕೋಟಿ ರೂಪಾಯಿ ಷೇರು ಬಂಡವಾಳದಿಂದ ಇಳಿಯಿತು, ಮಿಕ್ಕದ್ದು ಪ್ರೀಮಿಯಂ ಮತ್ತು ಮೀಸಲು ನಿಧಿಗಳಿಂದ ಹೋಯಿತು. ಕಾಯ್ದೆ ಕೇಳುವಂತೆ ಅಷ್ಟೇ 56 ಕೋಟಿಯನ್ನು ಬಂಡವಾಳ ವಿಮೋಚನಾ ಮೀಸಲಿಗೆ ಎತ್ತಿಡಲಾಯಿತು.

ಆದರೂ ಇನ್ಫೋಸಿಸ್‌ನ ಕ್ರೋಡೀಕೃತ ಅಢಾವೆ ಪತ್ರಿಕೆಯಲ್ಲಿ ಷೇರು ಬಂಡವಾಳದ ಪಕ್ಕ ‘ಟ್ರೆಷರಿ ಷೇರುಗಳನ್ನು ಕಳೆದು’ ಎಂಬರ್ಥದ ಮಾತು ಕಾಣುತ್ತದೆ. ಅವು ಕಂಪನಿ ಮರುಖರೀದಿಸಿದವಲ್ಲ; ನೌಕರರಿಗೆ ಹಂಚಲೆಂದು ಟ್ರಸ್ಟ್ ಹಿಡಿದಿಟ್ಟುಕೊಂಡವು. ಟ್ರಸ್ಟ್ ಕಾನೂನಿನ ಕಣ್ಣಿಗೆ ಬೇರೆ, ಲೆಕ್ಕದ ಕಣ್ಣಿಗೆ ಕಂಪನಿಯದೇ ಅಂಗ. ಇಂಥ ಟ್ರಸ್ಟ್ ಮಾರುಕಟ್ಟೆಯಲ್ಲಿ ಕೊಂಡ ಷೇರನ್ನು ನೌಕರರಿಗೆ ಅದಕ್ಕಿಂತ ಕಡಿಮೆ ದರದಲ್ಲಿ ಕೊಟ್ಟಾಗ ಉಂಟಾಗುವ ವ್ಯತ್ಯಾಸ, ಅಮೆರಿಕದ ಕಂಪನಿಯಲ್ಲಿ ಆಗುವಂತೆಯೇ, ಮಾಲೀಕರ ಬಂಡವಾಳದೊಳಗೇ ಹೊಂದಿಕೆಯಾಗುತ್ತದೆ. ನೌಕರರಿಗೆ ಷೇರು ಕೊಟ್ಟದ್ದರ ವೆಚ್ಚವನ್ನು ಮಾತ್ರ ಕಂಪನಿ ಪ್ರತ್ಯೇಕವಾಗಿ, ಷೇರು ಆಯ್ಕೆ ಮಂಜೂರಾದ ದಿನದ ಮೌಲ್ಯದ ಮೇಲೆ, ಸಂಬಳದ ಲೆಕ್ಕದಲ್ಲಿ ತೋರಿಸುತ್ತದೆ.